ಮಳೆ ಸುರಿಸಿದ ದೇವರು, ಸತ್ತುಹೋದ ಕುರಿಗಳು

ಕೋಡಂಬಾಕ್ಕಂನಲ್ಲಿ ದೇವರಾಗುವುದು ಹೊಸ ಉದ್ಯೋಗವೇನಲ್ಲ. ಕನ್ನಡ ಸಿನಿಮಾಗಳು ಕೂಡ ಇಲ್ಲಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ನಿರ್ದೇಶಕರು ಕೈ ಎತ್ತಿದರೆ ಮಳೆ, ಇಳಿಸಿದರೆ ಬಿಸಿಲು. ಈಗ ಅದೇ ಕೆಲಸವನ್ನು ಮಕ್ಕಳು ಫೋನಿನಲ್ಲಿ ಹೆಬ್ಬೆರಳಿನಿಂದ ಮಾಡುತ್ತಾರೆ. ವರ್ಲ್ಡ್‌ಬಾಕ್ಸ್‌ನಂಥ ಆಟ ತೆರೆದು ಒಂದು ದ್ವೀಪ ಹಾಕುತ್ತಾರೆ, ಅದರಲ್ಲಿ ಕಾಡು ಬೆಳೆಸುತ್ತಾರೆ, ಕುರಿ, ತೋಳ, ಮನುಷ್ಯರನ್ನು ಬಿಡುತ್ತಾರೆ. ಬೇಸರವಾದರೆ ಸಿಡಿಲು, ಇನ್ನೂ ಬೇಸರವಾದರೆ ಉಲ್ಕೆ.

ಇಂಥ ಆಟಗಳನ್ನು 'ಗಾಡ್ ಗೇಮ್' ಎನ್ನುತ್ತಾರೆ. ಈ ಹೆಸರು ಗಟ್ಟಿಯಾಗಿ ನಿಂತಿದ್ದು 1989ರಲ್ಲಿ, ಇಂಗ್ಲೆಂಡಿನ ಬುಲ್‌ಫ್ರಾಗ್ ಎಂಬ ಸಣ್ಣ ಕಂಪನಿಯಲ್ಲಿ ಪೀಟರ್ ಮಾಲಿನ್ಯೂ ರೂಪಿಸಿದ 'ಪಾಪ್ಯುಲಸ್' ಬಂದ ಮೇಲೆ. ಅದರಲ್ಲಿ ನಿಮ್ಮ ಭಕ್ತರಿಗೆ ನೀವು ನೇರವಾಗಿ 'ಇಲ್ಲಿ ಮನೆ ಕಟ್ಟು' ಎಂದು ಹೇಳುವಂತಿಲ್ಲ. ನೆಲವನ್ನು ಏರಿಸಿ ಇಳಿಸಿ ಸಮತಟ್ಟು ಮಾಡಬಹುದು ಅಷ್ಟೆ. ಸಮತಟ್ಟು ನೆಲ ಹೆಚ್ಚಿದ್ದಷ್ಟೂ ಮನೆ ದೊಡ್ಡದಾಗುತ್ತದೆ, ಜನ ಹೆಚ್ಚುತ್ತಾರೆ. ಜನ ಹೆಚ್ಚಿದಷ್ಟೂ ನಿಮ್ಮ ದೈವಬಲ ಏರುತ್ತದೆ. ಆ ಬಲ ಸಾಕಷ್ಟು ಕೂಡಿದರೆ ಎದುರಾಳಿಯ ಊರಿನ ಮೇಲೆ ಭೂಕಂಪವನ್ನೋ ಜ್ವಾಲಾಮುಖಿಯನ್ನೋ ಬಿಡಬಹುದು.

ಪಾಪ್ಯುಲಸ್‌ನ ಲೆಕ್ಕ ಒಂದೇ ದಿಕ್ಕಿನದು: ಒಳ್ಳೆಯದು ಮಾಡಿದರೆ ಒಳ್ಳೆಯದಾಗುತ್ತದೆ. ಆಟಕ್ಕೆ ಹಸಿವೂ ಬೇಟೆಯೂ ಸೇರಿದಾಗ ಈ ನಂಬಿಕೆ ಮುರಿಯುತ್ತದೆ. ನಮ್ಮ ಮಹಡಿಯ ಮೇಲಿರುವ ಧಾರವಾಡದ ಮನೆಯ ಹುಡುಗ ಒಮ್ಮೆ ಕೇಳಿದ ಪ್ರಶ್ನೆಯೂ ಇದೇ: "ಕಾಕಾ, ನಾ ಬರೇ ಛಲೋ ಪವರ್ ಅಷ್ಟ ಬಳಸ್ತೀನಿ. ಮಳಿ ಸುರಿಸ್ತೀನಿ, ಹುಲ್ಲ ಬೆಳಸ್ತೀನಿ. ಆದ್ರೂ ಎಲ್ಲಾ ಯಾಕ ಸಾಯ್ತಾವ?"

ಪ್ರಶ್ನೆ ಸರಿಯಾಗಿಯೇ ಇದೆ. ಈ ಅಂಕಣವನ್ನು ಅದರ ಉತ್ತರಕ್ಕೇ ಮೀಸಲಿಡುತ್ತೇನೆ. ಫೋನಿನ ಆಟಗಳ ಒಳಗೆ ಏನು ನಡೆಯುತ್ತಿದೆ ಎಂದು ಬಿಚ್ಚಿ ನೋಡುವುದು ಕಷ್ಟ. ಆದರೆ ಅದೇ ಜಾತಿಯ ಒಂದು ಪುಟ್ಟ ಲೋಕ ಯಾರು ಬೇಕಾದರೂ ತೆರೆದು ನೋಡಲು ಸಿಗುತ್ತದೆ. ಉರಿ ವಿಲೆನ್ಸ್ಕಿ ಎಂಬ ಪ್ರೊಫೆಸರ್ ರೂಪಿಸಿದ ನೆಟ್‌ಲೋಗೊ ಎಂಬ ಉಚಿತ ತಂತ್ರಾಂಶವಿದೆ. ಅದರ ಮಾದರಿಗಳ ಪಟ್ಟಿಯಲ್ಲಿ `Wolf Sheep Predation` ಎಂಬುದನ್ನು ತೆರೆಯಿರಿ. ಬ್ರೌಸರಿನಲ್ಲೇ ಓಡುತ್ತದೆ. ಚಿತ್ರ, ಸಂಗೀತ ಎಂಥದೂ ಇಲ್ಲ. ಹಸಿರು ಚೌಕ, ಬಿಳಿ ಕುರಿ, ಕಪ್ಪು ತೋಳ, ಪಕ್ಕದಲ್ಲಿ ಒಂದು ಗ್ರಾಫ್. ದೇವರ ಶಕ್ತಿಗಳೆಲ್ಲ ಎಡಬದಿಯ ಸ್ಲೈಡರುಗಳಲ್ಲಿವೆ.

ಲೋಕದ ಕಿರಾಣಿ ಲೆಕ್ಕ

ಈ ಲೋಕ 51 ಸಾಲು, ಸಾಲಿಗೆ 51 ಚೌಕ, ಒಟ್ಟು 2601 ಚೌಕಗಳದ್ದು. ಬಲಗಡೆ ಹೊರಗೆ ಹೋದ ಕುರಿ ಎಡಗಡೆಯಿಂದ ಒಳಗೆ ಬರುತ್ತದೆ, ಹಾಗಾಗಿ ಇದಕ್ಕೆ ಬೇಲಿಯಿಲ್ಲ. ಕಾಲ ಓಡುವುದು 'ಟಿಕ್' ಎಂಬ ಅಳತೆಯಲ್ಲಿ.

`model-version` ಎಂಬಲ್ಲಿ `sheep-wolves-grass` ಆರಿಸಿಕೊಂಡರೆ ನಿಯಮಗಳು ಹೀಗಿರುತ್ತವೆ. ಪ್ರತಿ ಟಿಕ್‌ನಲ್ಲಿ ಪ್ರತಿ ಪ್ರಾಣಿ ಒಂದು ಹೆಜ್ಜೆ ಹಾಕುತ್ತದೆ, ಒಂದು ಅಂಶ ಶಕ್ತಿ ಕಳೆದುಕೊಳ್ಳುತ್ತದೆ. ಕುರಿ ನಿಂತ ಚೌಕದಲ್ಲಿ ಹುಲ್ಲಿದ್ದರೆ ತಿಂದು 4 ಅಂಶ ಗಳಿಸುತ್ತದೆ. ಆ ಚೌಕ ಬೋಳಾಗಿ, ಮತ್ತೆ ಹಸಿರಾಗಲು 30 ಟಿಕ್ ಬೇಕು. ತೋಳ ನಿಂತ ಚೌಕದಲ್ಲಿ ಕುರಿಯಿದ್ದರೆ ಒಂದನ್ನು ತಿಂದು 20 ಅಂಶ ಗಳಿಸುತ್ತದೆ. ಶಕ್ತಿ ಸೊನ್ನೆಗಿಂತ ಕೆಳಗಿಳಿದರೆ ಸಾವು. ಮರಿ ಹಾಕುವುದು ಲಾಟರಿ: ಪ್ರತಿ ಟಿಕ್‌ನಲ್ಲಿ ಕುರಿಗೆ ನೂರಕ್ಕೆ 4, ತೋಳಕ್ಕೆ ನೂರಕ್ಕೆ 5ರ ಅವಕಾಶ. ಮರಿ ಹುಟ್ಟಿದರೆ ತಾಯಿಯ ಶಕ್ತಿಯಲ್ಲಿ ಅರ್ಧ ಮರಿಗೆ.

ಇಷ್ಟೇ. 'ಜನಸಂಖ್ಯೆ ಇಷ್ಟಿರಲಿ' ಎಂದು ಎಲ್ಲೂ ಬರೆದಿಲ್ಲ. ಆದರೂ ಸಂಖ್ಯೆ ಎಲ್ಲಿ ನಿಲ್ಲುತ್ತದೆ ಎಂದು ಪೆನ್ನು ಕಾಗದ ಹಿಡಿದು ಅಂದಾಜು ಮಾಡಬಹುದು.

ಮೊದಲು ತೋಳಗಳನ್ನು ತೆಗೆದುಬಿಡೋಣ. ಬರೀ ಕುರಿ, ಹುಲ್ಲು. ಕುರಿ ಟಿಕ್‌ಗೆ 1 ಖರ್ಚು ಮಾಡುತ್ತದೆ, ಒಂದು ಮೇವಿಗೆ 4 ಗಳಿಸುತ್ತದೆ. ಅಂದರೆ ನಾಲ್ಕು ಹೆಜ್ಜೆಗೆ ಒಮ್ಮೆಯಾದರೂ ಹಸಿರು ಸಿಗಬೇಕು. ಹಾಗಾಗಿ ಕುರಿಗಳು ಹೆಚ್ಚುತ್ತಾ ಹೋಗಿ, ನೆಲದಲ್ಲಿ ಕಾಲು ಭಾಗ ಮಾತ್ರ ಹಸಿರು ಉಳಿದಾಗ ನಿಲ್ಲುತ್ತವೆ. ಉಳಿದ ಮುಕ್ಕಾಲು ಭಾಗ, ಸುಮಾರು 1950 ಚೌಕ, ಬೋಳು. ಅವು 30 ಟಿಕ್‌ಗೊಮ್ಮೆ ಚಿಗುರುವುದರಿಂದ ಪ್ರತಿ ಟಿಕ್‌ಗೆ 65 ಚೌಕ ಹೊಸದಾಗಿ ಹಸಿರಾಗುತ್ತವೆ. 65 ಚೌಕ ಎಂದರೆ 260 ಅಂಶ ಶಕ್ತಿ. ಅಂದರೆ ಈ ಲೋಕ ಸುಮಾರು 260 ಕುರಿ ಸಾಕಬಲ್ಲದು. ಇಲ್ಲಿ ಗಮನಿಸಬೇಕಾದ್ದು, ಆ 260 ಸುಖವಾಗಿರುವ ಸಂಖ್ಯೆಯಲ್ಲ. ಎಷ್ಟು ಮರಿ ಹುಟ್ಟುತ್ತವೋ ಅಷ್ಟೇ ಕುರಿ ಹಸಿವಿನಿಂದ ಸಾಯುತ್ತಿರುವ ಸಂಖ್ಯೆ. ಗ್ರಾಫಿನಲ್ಲಿ ಗೆರೆ ಚಪ್ಪಟೆಯಾಗಿ ಶಾಂತವಾಗಿ ಕಾಣುತ್ತದೆ, ಒಳಗೆ ಪ್ರತಿ ಟಿಕ್‌ಗೆ ಸುಮಾರು ಹತ್ತು ಹೆಣ ಬೀಳುತ್ತಿರುತ್ತವೆ.

ಈಗ ತೋಳಗಳನ್ನು ಬಿಡಿ. ತೋಳಕ್ಕೆ 20 ಹೆಜ್ಜೆಗೆ ಒಂದು ಕುರಿ ಸಿಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅದು ಹೆಜ್ಜೆಯಿಟ್ಟ ಚೌಕದಲ್ಲಿ ಕುರಿ ಇರುವ ಸಾಧ್ಯತೆ ಇಪ್ಪತ್ತರಲ್ಲಿ ಒಂದಾಗಬೇಕಾದರೆ 2601 ಚೌಕಗಳಲ್ಲಿ 130 ಕುರಿ ಇರಬೇಕು. ಅದಕ್ಕಿಂತ ಹೆಚ್ಚು ಕುರಿಗಳಿದ್ದರೆ ತೋಳಗಳು ಹೆಚ್ಚುತ್ತವೆ, ಕಡಿಮೆಯಿದ್ದರೆ ತೋಳಗಳು ಕರಗುತ್ತವೆ. ಹೀಗಾಗಿ ಕುರಿಗಳ ಸರಾಸರಿ ಸಂಖ್ಯೆ 130ರ ಸುತ್ತಲೇ ತಿರುಗುತ್ತದೆ.

ಈ 130ರ ಲೆಕ್ಕದಲ್ಲಿ ಹುಲ್ಲು ಎಲ್ಲಿಯೂ ಬರಲಿಲ್ಲ, ನೋಡಿ. ಕುರಿಗಳು ಎಷ್ಟಿರಬೇಕು ಎಂದು ತೀರ್ಮಾನಿಸಿದ್ದು ತೋಳದ ಹೊಟ್ಟೆ. ಮೇಲಿನ ಮನೆಯ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲೇ ಬಚ್ಚಿಟ್ಟುಕೊಂಡಿದೆ.

ಕರುಣೆಯ ಕೈ

ದಯಾಳು ದೇವರು ಮಾಡುವ ಮೊದಲ ಕೆಲಸ, `grass-regrowth-time` ಸ್ಲೈಡರನ್ನು 30ರಿಂದ 15ಕ್ಕೆ ಎಳೆಯುವುದು. ಹುಲ್ಲು ಎರಡರಷ್ಟು ಬೇಗ ಬೆಳೆಯುತ್ತದೆ. ಕುರಿಗಳು ಹೆಚ್ಚಬೇಕಲ್ಲವೇ? ಮೊದಲಿಗೆ ಹೆಚ್ಚುತ್ತವೆ ಕೂಡ. ಹಸಿವಿನಿಂದ ಸಾಯುವ ಕುರಿಗಳು ಈಗ ಸಾಯುವುದಿಲ್ಲ. ಶೇಕಡಾ 4ರ ಲೆಕ್ಕದಲ್ಲಿ, ತಡೆಯಿಲ್ಲದಿದ್ದರೆ, ಹಿಂಡು 18 ಟಿಕ್‌ನಲ್ಲಿ ಎರಡರಷ್ಟಾಗುತ್ತದೆ.

ಆದರೆ ಆ ಹೆಚ್ಚಿನ ಕುರಿಗಳೆಲ್ಲ ತೋಳಗಳಾಗಿ ಬದಲಾಗುತ್ತವೆ. ಅವು ಹಾಗೆ ಬದಲಾಗಲು ಸಮಯ ಬೇಕು ಎಂಬುದೇ ತೊಂದರೆ. ಕುರಿಗಳ ಗೆರೆ ಶಿಖರ ಮುಟ್ಟಿ ಇಳಿಯಲು ಶುರುವಾದ ಮೇಲೂ ತೋಳಗಳ ಗೆರೆ ಏರುತ್ತಲೇ ಇರುತ್ತದೆ. ಹೊಟ್ಟೆ ತುಂಬ ತಿಂದ ತೋಳದಲ್ಲಿ ಹತ್ತಾರು ಟಿಕ್‌ಗೆ ಸಾಲುವ ಶಕ್ತಿ ಉಳಿದಿರುತ್ತದೆ. ಅದರ ಅರ್ಧವನ್ನು ಪಡೆದ ಮರಿಯೂ ಸುಮ್ಮನಿರುವುದಿಲ್ಲ. ಆ ಉಳಿತಾಯ ಮುಗಿಯುವವರೆಗೆ ಅವು ಉಳಿದ ಕುರಿಗಳನ್ನೂ ಹುಡುಕಿ ತಿನ್ನುತ್ತವೆ.

ಕೆಳಮಟ್ಟದಲ್ಲಿ ಏನಾಗುತ್ತದೆ ನೋಡೋಣ. ಕುರಿಗಳು 10ಕ್ಕೆ ಇಳಿದಿವೆ, ತೋಳಗಳು ಇನ್ನೂ 200 ಇವೆ ಎಂದಿಟ್ಟುಕೊಳ್ಳಿ. 10 ಕುರಿಗಳಿಂದ ಟಿಕ್‌ಗೆ ಸರಾಸರಿ 0.4 ಮರಿ. 200 ತೋಳಗಳು ಟಿಕ್‌ಗೆ ಸರಾಸರಿ 0.8 ಕುರಿ ತಿನ್ನುತ್ತವೆ. ಹುಟ್ಟಿನ ಎರಡರಷ್ಟು ಸಾವು. ತೋಳಗಳು ಬೇಗ ಸತ್ತರೆ ನಾಲ್ಕೈದು ಕುರಿ ಉಳಿದು ಮತ್ತೆ ಹಿಂಡಾಗಬಹುದು, ತಡವಾಗಿ ಸತ್ತರೆ ಕೊನೆಯ ಕುರಿಯೂ ಹೋಗುತ್ತದೆ. ಅದಾದ ಮೇಲೆ ತೋಳಗಳ ಸರದಿ. ಇಲ್ಲಿಂದ ಮುಂದೆ ಎಲ್ಲ ಪಗಡೆಯಾಟ.

ಇದನ್ನು ಮೊದಲು ಗಣಿತದಲ್ಲಿ ತೋರಿಸಿದವರು ಮೈಕಲ್ ರೋಸೆನ್‌ಜ್ವೈಗ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ, 1971ರಲ್ಲಿ. ಬೇಟೆ ಪ್ರಾಣಿಗೆ ಮೇವು ಹೆಚ್ಚಿಸಿದರೆ ಇಡೀ ವ್ಯವಸ್ಥೆಯ ಏರಿಳಿತ ಹೆಚ್ಚಿ ಅದು ಕುಸಿಯಬಹುದು ಎಂಬುದು ಅವರ ಮಾತು. ಸಮೃದ್ಧಿಯ ವಿರೋಧಾಭಾಸ ಎಂದು ಅದಕ್ಕೆ ಹೆಸರು. ನೆಟ್‌ಲೋಗೊದ ಇದೇ ಮಾದರಿಯಲ್ಲಿ ಅದರ ತುತ್ತತುದಿಯೂ ಇದೆ. `sheep-wolves` ಆರಿಸಿಕೊಂಡರೆ ಹುಲ್ಲು ಯಾವತ್ತೂ ಮುಗಿಯುವುದಿಲ್ಲ, ಕುರಿಗೆ ಹಸಿವೇ ಇಲ್ಲ. ನೋಡಲು ಅದು ಸ್ವರ್ಗ. ಓಡಿಸಿ ನೋಡಿ: ಅಲೆಗಳು ಎತ್ತರವಾಗುತ್ತಾ ಹೋಗಿ, ಒಂದೋ ಎರಡೂ ಜಾತಿ ಅಳಿಯುತ್ತವೆ, ಇಲ್ಲವೇ ತೋಳಗಳು ಮಾತ್ರ ಅಳಿದು ಕುರಿಗಳು ಲೋಕ ತುಂಬಿ ಪ್ರೋಗ್ರಾಂ ತಾನೇ ಕೈಚೆಲ್ಲುತ್ತದೆ. ಹುಲ್ಲಿನ ಕೊರತೆ ಶಾಪವಾಗಿರಲಿಲ್ಲ, ಅದು ಬ್ರೇಕ್ ಆಗಿತ್ತು.

ಜಿಪುಣ ದೇವರು

ಹಾಗಾದರೆ ಮೇವು ಕಡಿಮೆ ಮಾಡುವುದೇ ಒಳ್ಳೆಯದೇ? ಅದಕ್ಕೂ ಗಡಿಯಿದೆ. ಸ್ಲೈಡರನ್ನು 60ಕ್ಕೆ ಎಳೆದು ಮೊದಲಿನ ಲೆಕ್ಕವನ್ನೇ ಹಾಕಿ. 1950 ಬೋಳು ಚೌಕ 60 ಟಿಕ್‌ಗೊಮ್ಮೆ ಚಿಗುರಿದರೆ ಟಿಕ್‌ಗೆ 32 ಚೌಕ, ಅಂದರೆ ಸುಮಾರು 130 ಕುರಿ. ತೋಳ ಬದುಕಲು ಬೇಕಾದದ್ದೂ 130. ನೆಲ ಕೊಡುವುದೆಲ್ಲ ಕುರಿಗಳ ಜೀವ ಹಿಡಿದಿಡಲಷ್ಟೇ ಸಾಕಾಗುತ್ತದೆ, ತೋಳಕ್ಕೆ ಬಡ್ಡಿ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ತೋಳಗಳು ಒಂದೊಂದಾಗಿ ಮಾಯವಾಗುತ್ತವೆ. ಪ್ರಾಣಿಗಳು ಪಕ್ಕದ ಚೌಕಕ್ಕೇ ಹೆಜ್ಜೆಯಿಡುವುದರಿಂದ ತೆರೆಯ ಮೇಲೆ ಈ ಅಂಕಿಗಳು ಒಂದಿಷ್ಟು ಆಚೀಚೆ ಆಗುತ್ತವೆ, ಆದರೆ ದಿಕ್ಕು ಬದಲಾಗುವುದಿಲ್ಲ. ತೀರಾ ಬಡತನದಲ್ಲಿ ತೋಳ ಹೋಗುತ್ತದೆ, ತೀರಾ ಸಮೃದ್ಧಿಯಲ್ಲಿ ಎಲ್ಲವೂ ಹೋಗುತ್ತವೆ. ಮೂರೂ ಬದುಕುವ ಜಾಗ ನಡುವಿನ ಒಂದು ಪಟ್ಟಿ.

ಸಿಡಿಲು ಮತ್ತು ಮೀನುಪೇಟೆ

ಇನ್ನು ಕ್ರೂರ ಶಕ್ತಿ. ಸಿಡಿಲು ಪಕ್ಷಪಾತ ಮಾಡುವುದಿಲ್ಲ ಎಂದಿಟ್ಟುಕೊಳ್ಳಿ. ಪ್ರತಿ ಟಿಕ್‌ನಲ್ಲಿ ನೂರಕ್ಕೆ ಒಂದು ಕುರಿಯನ್ನೂ ನೂರಕ್ಕೆ ಒಂದು ತೋಳವನ್ನೂ ಕೊಲ್ಲುತ್ತದೆ. ಇದರಿಂದ ಯಾರಿಗೆ ನಷ್ಟ?

ಹುಲ್ಲಿನ ಕೊರತೆಯನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕೋಣ. ಸಿಡಿಲಿಲ್ಲದಾಗ ಕುರಿಗಳು ಶೇಕಡಾ 4 ಬೆಳೆಯುತ್ತವೆ. ಅಷ್ಟನ್ನೂ ತಿಂದು ಮುಗಿಸಲು 2601ರ ಶೇಕಡಾ 4, ಅಂದರೆ 104 ತೋಳ ಸಾಕು. ಸಿಡಿಲು ಬಂದ ಮೇಲೆ ತೋಳಕ್ಕೆ ಉಳಿಯುವುದು ಶೇಕಡಾ 3ರ ಬೆಳವಣಿಗೆ ಮಾತ್ರ. ತೋಳಗಳ ಸರಾಸರಿ 78ಕ್ಕೆ ಇಳಿಯುತ್ತದೆ. ಕುರಿಗಳು? ಸಾಯುವ ತೋಳ ತನ್ನೊಳಗಿನ ಶಕ್ತಿಯನ್ನೂ ಕೊಂಡೊಯ್ಯುವುದರಿಂದ ಉಳಿದ ತೋಳಗಳು ಲೆಕ್ಕ ಸರಿದೂಗಿಸಲು ಮೊದಲಿಗಿಂತ ಹೆಚ್ಚು ಕುರಿ ಸಿಗಬೇಕು. ಹಾಗಾಗಿ ಕುರಿಗಳ ಸರಾಸರಿ 130ನ್ನು ದಾಟುತ್ತದೆ. ಇಬ್ಬರಿಗೂ ಸಮನಾಗಿ ಹೊಡೆದರೆ ತಿನ್ನುವವನು ಸೋಲುತ್ತಾನೆ, ತಿನ್ನಿಸಿಕೊಳ್ಳುವವನು ಗೆಲ್ಲುತ್ತಾನೆ.

ಇದು ಆಟದಿಂದ ಹುಟ್ಟಿದ ಮಾತಲ್ಲ, ಮೀನುಪೇಟೆಯಿಂದ ಹುಟ್ಟಿದ್ದು. ಇಟಲಿಯ ಉಂಬೆರ್ತೊ ದಾಂಕೋನ ಎಂಬ ಜೀವವಿಜ್ಞಾನಿ ಏಡ್ರಿಯಾಟಿಕ್ ಕರಾವಳಿಯ ಬಂದರುಗಳ ಮೀನುಪೇಟೆ ಲೆಕ್ಕ ನೋಡುತ್ತಿದ್ದರು. ಫಿಯುಮೆ ಬಂದರಿನಲ್ಲಿ ಸೊರ, ತೊರಕೆಯಂಥ ಬೇಟೆಗಾರ ಮೀನುಗಳ ಪಾಲು 1914ರಲ್ಲಿ ಸುಮಾರು 12 ಪ್ರತಿಶತ ಇತ್ತು. ಮೊದಲ ಮಹಾಯುದ್ಧದಲ್ಲಿ ಮೀನುಗಾರಿಕೆ ಕುಗ್ಗಿತು, 1918ರಲ್ಲಿ ಆ ಪಾಲು 36 ಪ್ರತಿಶತಕ್ಕೆ ಏರಿತು. ಯುದ್ಧ ಮುಗಿದು ದೋಣಿಗಳು ಮರಳಿದ ಮೇಲೆ 1923ರ ಹೊತ್ತಿಗೆ ಸುಮಾರು 11ಕ್ಕೆ ಇಳಿಯಿತು. ಬಲೆ ಎಲ್ಲ ಮೀನನ್ನೂ ಹಿಡಿಯುತ್ತದೆ, ಹಾಗಿದ್ದಾಗ ಬಲೆ ನಿಂತರೆ ಸೊರಗಳಿಗೇ ಏಕೆ ಲಾಭ? ಅವರು ಇದನ್ನು ತಮ್ಮ ಮಾವ, ಗಣಿತಜ್ಞ ವೀಟೊ ವೋಲ್ತೆರಾ ಅವರನ್ನು ಕೇಳಿದರು. ಮಾವ 1926ರಲ್ಲಿ ಕೊಟ್ಟ ಸಮೀಕರಣಗಳೇ ಇವತ್ತಿನ ಇಂಥ ಆಟಗಳ ಮೂಲಪುರುಷ. ಅಮೆರಿಕದಲ್ಲಿ ಆಲ್‌ಫ್ರೆಡ್ ಲೋಟ್ಕಾ ಅದೇ ಸಮೀಕರಣಗಳನ್ನು ಬೇರೆ ದಾರಿಯಲ್ಲಿ ಮುಟ್ಟಿದ್ದರು. ಪೇಟೆಗೆ ಬರುವ ಮೀನಿನಲ್ಲಿ ಬಲೆಯ ಜಾತಿ, ಬೆಲೆ ಎಲ್ಲವೂ ಸೇರಿರುತ್ತವೆ, ಆದ್ದರಿಂದ ಆ ಪಟ್ಟಿಯೊಂದೇ ಸಾಕ್ಷಿ ಎನ್ನಲಾಗದು. ಆದರೆ ಪ್ರಶ್ನೆ ಸರಿಯಾದ ಕಡೆಗೆ ಬೊಟ್ಟು ಮಾಡಿತ್ತು.

ಚೆನ್ನೈಯಲ್ಲಿರುವ ನಮಗೆ ಇಂಥ 'ಶಕ್ತಿ' ಪ್ರತಿ ವರ್ಷ ಕಾಣಸಿಗುತ್ತದೆ. ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾಸಿಮೇಡು ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತವೆ, ಮನೆಯಲ್ಲಿ ಮೀನಿನ ಬೆಲೆಯ ಗೊಣಗಾಟ ಶುರು. ನಮ್ಮ ಮಂಗಳೂರು, ಮಲ್ಪೆಯ ಕಡೆ ಜೂನ್, ಜುಲೈ. ಮೀನು ಮೊಟ್ಟೆಯಿಡುವ ಕಾಲ ಎಂದು ಈ ರಜೆ. ಒಂದು ಜಾತಿಯ ಮರಿ ಉಳಿದರೆ ಅದನ್ನು ತಿನ್ನುವ ಜಾತಿಗೂ ಪಾಲು ಹೋಗುತ್ತದೆ. ಆದ್ದರಿಂದ ರಜೆಯ ಫಲವನ್ನು ಒಂದೇ ಮೀನಿನ ತೂಕದಲ್ಲಿ ಅಳೆಯಲಾಗದು.

ನಾಗರಹೊಳೆಯಲ್ಲಿ ಇದೇ ಮಗ್ಗಿ

ತೆರೆಯ ಮೇಲೆ ಒಂದು ತೋಳಕ್ಕೆ ಒಂದೆರಡು ಕುರಿ ಸಾಕಾಗುವುದು ನೋಡಿ ನಗು ಬರಬಹುದು. ತಮಾಷೆಯಲ್ಲ, ಬೆಳೆಯುವ ವೇಗದ ಫಲ. ತೋಳಕ್ಕೆ 20 ಟಿಕ್‌ಗೆ ಒಂದು ಕುರಿ ಬೇಕು. ಒಂದು ಕುರಿ 20 ಟಿಕ್‌ನಲ್ಲಿ ಸರಾಸರಿ 0.8 ಮರಿ ಕೊಡುತ್ತದೆ. ಭಾಗಿಸಿದರೆ ತೋಳವೊಂದಕ್ಕೆ ಒಂದೂಕಾಲು ಕುರಿ.

ಇದೇ ಮಗ್ಗಿಯನ್ನು ಕಾಡಿಗೆ ಕೊಂಡೊಯ್ಯಿರಿ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿ ಮತ್ತು ಬೇಟೆ ಪ್ರಾಣಿಗಳನ್ನು ಅಧ್ಯಯನ ಮಾಡಿದ ಉಲ್ಲಾಸ ಕಾರಂತ ಮತ್ತು ಸಂಗಡಿಗರ ಪ್ರಕಾರ, ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು. ಹುಲಿಗಳು ತೆಗೆಯುವುದು ವರ್ಷಕ್ಕೆ ಅಲ್ಲಿನ ಬೇಟೆ ಪ್ರಾಣಿಗಳಲ್ಲಿ ಸುಮಾರು ಹತ್ತನೇ ಒಂದು ಭಾಗ. ಹಾಗಾಗಿ ಒಂದು ಹುಲಿಯ ಹಿಂದೆ ಸುಮಾರು 500 ಜಿಂಕೆ, ಕಡವೆ, ಕಾಟಿಗಳು ನಿಂತಿರಬೇಕು. ಉಳಿದ ಹೆಚ್ಚಳ ಚಿರತೆಗೆ, ಕೆನ್ನಾಯಿಗೆ, ರೋಗಕ್ಕೆ, ಬೇಸಿಗೆಗೆ. ಒಂದೂಕಾಲು ಮತ್ತು ಐನೂರರ ನಡುವೆ ಬದಲಾದದ್ದು ಅಂಕಿ, ಭಾಗಾಕಾರ ಅದೇ. ಯಾವುದೇ ಆಟದಲ್ಲಿ ಬೇಟೆಗಾರ ಬೇಗ ಸಾಯುತ್ತಿದ್ದರೆ ಮೊದಲು ಈ ಭಾಗಾಕಾರ ಮಾಡಿ ನೋಡಿ.

ಕಾಡು ತೆರೆಯಂತೆ ಅಲೆಯಲೆಯಾಗಿ ಕುಸಿಯದಿರಲು ಕಾರಣ, ಆಟ ಬಿಟ್ಟುಬಿಟ್ಟ ಒಂದು ನಿಯಮ. ನೆಟ್‌ಲೋಗೊದ ತೋಳಕ್ಕೆ ತನ್ನದೆಂಬ ಜಾಗವಿಲ್ಲ, ಹೊಟ್ಟೆ ತುಂಬಿದರೆ ಮರಿ ಹಾಕುತ್ತಲೇ ಇರುತ್ತದೆ. ಹುಲಿಗೆ ಗಡಿಯಿದೆ. ಜಿಂಕೆ ಎರಡರಷ್ಟಾದರೂ ಎಳೆಯ ಹುಲಿಗೆ ಜಾಗ ಸಿಗದಿದ್ದರೆ ಅದು ಕಾಡಿನ ಅಂಚಿಗೆ ಸರಿಯಬೇಕು. ಬೇಟೆಗಾರನ ಸಂಖ್ಯೆಗೆ ಅದೇ ಅಲ್ಲಿನ ಬ್ರೇಕ್.

ದೇವರಾಗುವವರಿಗೆ

ಆಡುವಾಗ ಎರಡು ವಿಷಯ ನೆನಪಿಟ್ಟರೆ ಸಾಕು. ಒಂದು, ಗ್ರಾಫಿನಲ್ಲಿ ಶಿಖರದ ಎತ್ತರ ನೋಡಬೇಡಿ, ಇಳಿತದ ಆಳ ನೋಡಿ. ಪ್ರತಿ ಅಲೆಯಲ್ಲೂ ತಗ್ಗು ಇನ್ನಷ್ಟು ತಗ್ಗಾಗುತ್ತಿದ್ದರೆ, ಮೇಲೆ ಎಷ್ಟೇ ಹಿಂಡು ಕಂಡರೂ ನಿಮ್ಮ ಲೋಕ ಹೋಗುವ ದಾರಿಯಲ್ಲಿದೆ. ಎರಡು, ಒಂದು ಶಕ್ತಿ ಬಳಸಿದ ಮೇಲೆ ಕನಿಷ್ಠ ಎರಡು ಅಲೆ ಕಾಯಿರಿ. ಕುರಿ ಕಡಿಮೆಯಾದ ಕೂಡಲೇ ಕುರಿ ಸುರಿದರೆ, ಆಗಷ್ಟೇ ಸಾಯಲಿದ್ದ ತೋಳಗಳಿಗೆ ಊಟ ಬಡಿಸಿದಂತೆ.

ಮಹಡಿಯ ಹುಡುಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಹುಲ್ಲಿನ ಸ್ಲೈಡರನ್ನು 15, 30, 45, 60 ಎಂದು ನಾಲ್ಕು ಸಲ ಇಟ್ಟು, ಪ್ರತಿ ಸಲ 500 ಟಿಕ್ ಓಡಿಸಿ, ಕುರಿ ಅತಿ ಕಡಿಮೆಯಾದ ಸಂಖ್ಯೆಯನ್ನು ಮಾತ್ರ ಬರೆದುಕೊಂಡು ಬಾ ಎಂದೆ. ನಾಲ್ಕೇ ಅಂಕಿ. ನೀವೂ ಈ ಭಾನುವಾರ ಬರೆದು ನೋಡಿ.